ಕಾರಿನ ವಯಸ್ಸು, ಕಾರಿನ ಗುರುತು

ವೆಟರನ್, ವಿಂಟೇಜ್, ಕ್ಲಾಸಿಕ್, ಆಂಟಿಕ್ ಎಂಬ ನಾಲ್ಕು ಹೆಸರುಗಳನ್ನು ಹಳೆಯ ಕಾರುಗಳಿಗೆ ಒಂದರ ಬದಲು ಇನ್ನೊಂದಾಗಿ ಬಳಸುವುದುಂಟು. ರ‍್ಯಾಲಿಯ ದಿನ ಪತ್ರಿಕೆಗಳಲ್ಲಿ ಬರುವ ಚಿತ್ರಗಳ ಕೆಳಗೆ ಎಲ್ಲವೂ ವಿಂಟೇಜ್ ಕಾರುಗಳೇ. ಆದರೆ ಇವು ಒಂದೇ ಅಳತೆಗೋಲಿನ ನಾಲ್ಕು ಗುರುತುಗಳಲ್ಲ. ಬೇರೆ ಬೇರೆ ದೇಶಗಳ ಕ್ಲಬ್ಬುಗಳು ಮತ್ತು ಸರ್ಕಾರಗಳು ತಮ್ಮ ತಮ್ಮ ಅಗತ್ಯಕ್ಕೆ ಬೇರೆ ಬೇರೆ ಕಾಲದಲ್ಲಿ ಮಾಡಿಕೊಂಡ ವಿಂಗಡಣೆಗಳು. ಹಾಗಾಗಿ ಒಂದೇ ಕಾರು ಇಂಗ್ಲೆಂಡಿನಲ್ಲಿ ಒಂದು ಹೆಸರು, ಅಮೆರಿಕದಲ್ಲಿ ಇನ್ನೊಂದು, ಬೆಂಗಳೂರಿನ ಆರ್‌ಟಿಒ ಕಚೇರಿಯಲ್ಲಿ ಮತ್ತೊಂದು ಹೆಸರು ಪಡೆಯಬಹುದು. ಈ ಹೆಸರುಗಳು ಕಾರು ಎಷ್ಟು ಹಳೆಯದು ಎಂಬುದನ್ನಷ್ಟೇ ಹೇಳುತ್ತವೆ. ಅದನ್ನು ಸಂಗ್ರಹಿಸಿ ಇಡಬೇಕೇ, ಅದಕ್ಕೆ ಬೆಲೆ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ವಯಸ್ಸಿನಲ್ಲಿ ಸಿಗುವುದು ಕಡಿಮೆ.

ನಾಲ್ಕರಲ್ಲಿ ಅತಿ ಹಳೆಯ ಕಾಲಕ್ಕೆ ಸೇರಿದ್ದು ವೆಟರನ್. ಕಾರ್ಲ್ ಬೆಂಜ್ ಜರ್ಮನಿಯಲ್ಲಿ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1886ರ ಜನವರಿಯಲ್ಲಿ. ಅಲ್ಲಿಂದ ಮುಂದಿನ ಸುಮಾರು ಇಪ್ಪತ್ತು ವರ್ಷ ಕಾರು ಹೇಗಿರಬೇಕು ಎಂಬುದೇ ತೀರ್ಮಾನವಾಗಿರಲಿಲ್ಲ. ಎಂಜಿನ್ ಸೀಟಿನ ಕೆಳಗಿರಬೇಕೋ ಮುಂದಿರಬೇಕೋ, ತಿರುಗಿಸಲು ಚಕ್ರ ಬೇಕೋ ಹಿಡಿಕೆ ಸಾಕೋ, ಓಡಿಸಲು ಪೆಟ್ರೋಲ್ ಒಳ್ಳೆಯದೋ ಹಬೆಯೋ ವಿದ್ಯುತ್ತೋ ಎಂದು ಒಬ್ಬೊಬ್ಬ ತಯಾರಕ ಒಂದೊಂದು ದಾರಿ ಹಿಡಿದಿದ್ದ. ಇಂಗ್ಲೆಂಡಿನಲ್ಲಿ 1896ರ ನವೆಂಬರ್ 14ರಂದು ಹೊಸ ಕಾನೂನೊಂದು ಜಾರಿಗೆ ಬಂದು ಲಘು ಮೋಟಾರು ಗಾಡಿಗಳ ವೇಗಮಿತಿಯನ್ನು ಗಂಟೆಗೆ 4 ಮೈಲಿಯಿಂದ 14 ಮೈಲಿಗೆ ಏರಿಸಿತು. ಆ ಸಂತೋಷಕ್ಕೆ ಅದೇ ದಿನ ಲಂಡನ್ನಿನಿಂದ ಬ್ರೈಟನ್ನಿಗೆ ಗಾಡಿಗಳ ಮೆರವಣಿಗೆ ಹೊರಟಿತು. 1927ರಲ್ಲಿ ಅದರ ನೆನಪಿಗೆ ಮತ್ತೊಂದು ಓಟ ನಡೆಯಿತು. ಯುದ್ಧದಂಥ ಅಡ್ಡಿಗಳಿದ್ದ ವರ್ಷಗಳನ್ನು ಬಿಟ್ಟರೆ ಅದು ಇಂದಿಗೂ ಪ್ರತಿ ನವೆಂಬರ್‌ನ ಮೊದಲ ಭಾನುವಾರ ಸೂರ್ಯೋದಯಕ್ಕೆ ಹೈಡ್ ಪಾರ್ಕಿನಿಂದ ಹೊರಡುತ್ತದೆ. ಈ ಓಟಕ್ಕೆ ಅರ್ಹತೆ 1905ರ ಜನವರಿ 1ಕ್ಕಿಂತ ಮೊದಲು ತಯಾರಾದ ಗಾಡಿಗಳಿಗೆ ಮಾತ್ರ. ವೆಟರನ್ ಎಂಬ ಹೆಸರಿಗೆ ಇಂಗ್ಲೆಂಡಿನಲ್ಲಿ ಗಟ್ಟಿ ಅರ್ಥ ಬಂದದ್ದು ಈ ಗಡಿಯಿಂದಲೇ.

ಆ ಗಡಿ ಎಷ್ಟು ಹರಿತವಾದದ್ದು ಎಂಬುದು ಮಾರಾಟದ ಹೊತ್ತಿಗೆ ಗೊತ್ತಾಗುತ್ತದೆ. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ಕಾರುಗಳಲ್ಲಿ ಒಂದು 1904ರದ್ದು, ಇನ್ನೊಂದು 1905ರದ್ದು ಎಂದುಕೊಳ್ಳಬಹುದು. ನೋಡಲು ಎರಡೂ ಒಂದೇ ಇರಬಹುದು, ಓಡುವುದರಲ್ಲಿ ಎರಡನೆಯದೇ ಮೇಲಿರಬಹುದು. ಆದರೂ ಬ್ರೈಟನ್ ಓಟಕ್ಕೆ ಸೇರಬಲ್ಲದ್ದು ಮೊದಲನೆಯದು ಮಾತ್ರವಾದ್ದರಿಂದ ಹೆಚ್ಚಿನ ಬೆಲೆ ಅದಕ್ಕೇ. ಇಂಥಲ್ಲಿ ಮಾಲೀಕರ ಮಾತನ್ನೇ ನಂಬಲಾಗದು. 1930ರಲ್ಲಿ ಸ್ಥಾಪನೆಯಾದ ಗ್ರೇಟ್ ಬ್ರಿಟನ್ನಿನ ವೆಟರನ್ ಕಾರ್ ಕ್ಲಬ್ ಇದಕ್ಕಾಗಿಯೇ ಕಾಲನಿರ್ಣಯದ ವ್ಯವಸ್ಥೆ ಇಟ್ಟುಕೊಂಡಿದೆ. ಎಂಜಿನ್ನಿನ ರಚನೆ, ಅಚ್ಚಿನ ಸಂಖ್ಯೆಗಳು, ಆ ಕಾಲದ ಕ್ಯಾಟಲಾಗು ಮತ್ತು ಪತ್ರಿಕೆಗಳ ಜಾಹೀರಾತು, ಉಳಿದುಕೊಂಡ ಇತರ ಕಾರುಗಳು ಇವನ್ನೆಲ್ಲ ಹೋಲಿಸಿ ನೋಡಿ ಒಂದು ವರ್ಷವನ್ನು ನಮೂದಿಸಿ ಪ್ರಮಾಣಪತ್ರ ಕೊಡುತ್ತದೆ. ಹೊಸ ಪುರಾವೆ ಸಿಕ್ಕರೆ ವರ್ಷ ಬದಲಾಗಲೂಬಹುದು. 1905ರಿಂದ ಮೊದಲ ಮಹಾಯುದ್ಧ ಮುಗಿದ 1918ರವರೆಗಿನ ಕಾರುಗಳನ್ನು ಇಂಗ್ಲೆಂಡಿನವರು ಎಡ್ವರ್ಡಿಯನ್ ಎನ್ನುತ್ತಾರೆ. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿವಾ ಮಾತ್ರ 1904ರವರೆಗಿನವನ್ನು ಪೂರ್ವಜ ಎಂದೂ 1905ರಿಂದ 1918ರವರೆಗಿನವನ್ನು ವೆಟರನ್ ಎಂದೂ ಕರೆಯುತ್ತದೆ. ಎರಡು ಸಂಸ್ಥೆಗಳ ನಡುವಿನ ಈ ವ್ಯತ್ಯಾಸ ತಿಳಿಯದೆ ಕಾಗದಪತ್ರ ಓದಿದರೆ ಗೊಂದಲವಾಗುವುದು ಖಂಡಿತ.

ವಿಂಟೇಜ್ ಎಂಬುದು 1919ರಿಂದ 1930ರವರೆಗಿನ ಹನ್ನೆರಡು ವರ್ಷಗಳ ಕಾರು. ಫಿವಾ ಕೂಡ ಇದನ್ನೇ ಒಪ್ಪುತ್ತದೆ. ಈ ಅವಧಿ 1930ಕ್ಕೇ ಏಕೆ ಮುಗಿಯಬೇಕು ಎಂಬುದರ ಹಿಂದೆ ಬರೀ ಕ್ಯಾಲೆಂಡರ್ ಇಲ್ಲ, ಒಂದು ಅಭಿಪ್ರಾಯವಿದೆ. ಇಂಗ್ಲೆಂಡಿನಲ್ಲಿ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ ಹುಟ್ಟಿದ್ದು 1934ರಲ್ಲಿ. ಅದರ ಸದಸ್ಯರು ಪುರಾತನ ವಸ್ತುಗಳ ಮೋಹಿಗಳಾಗಿರಲಿಲ್ಲ, ನಾಲ್ಕೈದು ವರ್ಷ ಹಳೆಯ ಕಾರುಗಳನ್ನು ಓಡಿಸುತ್ತಿದ್ದವರು. ಆರ್ಥಿಕ ಮಹಾಕುಸಿತ ಬಂದ ಮೇಲೆ ಕಂಪನಿಗಳು ಖರ್ಚು ತಗ್ಗಿಸಿ ಅಗ್ಗದ ಒತ್ತುತಗಡಿನ ಬಾಡಿ, ಮೆತ್ತನೆಯ ಸ್ಪ್ರಿಂಗು, ಹೊಳೆಯುವ ಅಲಂಕಾರಗಳಿಗೆ ಹೊರಳಿದವು, ಓಡಿಸುವವನ ಕೈಗೆ ಸಿಗುತ್ತಿದ್ದ ನಿಖರತೆ ಹೋಯಿತು ಎಂಬುದು ಅವರ ದೂರು. ಬೆಂಟ್ಲಿ ಕಂಪನಿ ಸಾಲದಲ್ಲಿ ಮುಳುಗಿ 1931ರಲ್ಲಿ ರೋಲ್ಸ್ ರಾಯ್ಸ್ ಕೈಗೆ ಹೋದದ್ದು ಅವರ ದೃಷ್ಟಿಯಲ್ಲಿ ಒಂದು ಯುಗದ ಅಂತ್ಯವಾಗಿತ್ತು. ಅಂದರೆ ವಿಂಟೇಜ್ ಎಂಬ ಹೆಸರಿನೊಳಗೆ ಗುಣಮಟ್ಟದ ತೀರ್ಪು ಮೊದಲಿನಿಂದಲೂ ಸೇರಿಕೊಂಡಿದೆ. ಮುಂದೆ ಅದೇ ಕ್ಲಬ್ 1931ರಿಂದ ಎರಡನೆಯ ಮಹಾಯುದ್ಧದ ಹೊತ್ತಿನವರೆಗಿನ ಕೆಲವೇ ಆಯ್ದ ಕಾರುಗಳನ್ನು ವಿಂಟೇಜೋತ್ತರ ಜಾತಿವಂತ ಕಾರುಗಳೆಂದು ಒಪ್ಪಿಕೊಂಡಿತು. ಅದೇ ವರ್ಷಗಳ ಸಾಧಾರಣ ಸಂಸಾರದ ಕಾರುಗಳಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ.

ಕ್ಲಾಸಿಕ್ ಎಂಬುದು ನಾಲ್ಕರಲ್ಲಿ ಅತಿ ಸಡಿಲವಾಗಿ ಬಳಕೆಯಾಗುವ ಹೆಸರು. ವಿಚಿತ್ರವೆಂದರೆ ಅತಿ ಬಿಗಿಯಾದ ವ್ಯಾಖ್ಯೆ ಇರುವುದೂ ಅದಕ್ಕೇ. 1952ರಲ್ಲಿ ಆರಂಭವಾದ ಅಮೆರಿಕದ ಕ್ಲಾಸಿಕ್ ಕಾರ್ ಕ್ಲಬ್ 1915ರಿಂದ 1948ರವರೆಗೆ ತಯಾರಾದ, ತಮ್ಮ ಕಾಲದಲ್ಲೇ ದುಬಾರಿಯೂ ಶ್ರೇಷ್ಠವೂ ಎನಿಸಿದ ಕಾರುಗಳನ್ನು ಮಾತ್ರ ಪೂರ್ಣ ಕ್ಲಾಸಿಕ್ ಎಂದು ಪಟ್ಟಿ ಮಾಡುತ್ತದೆ. ಡ್ಯೂಸನ್‌ಬರ್ಗ್, ಪ್ಯಾಕರ್ಡ್‌ನ ಮೇಲ್ದರ್ಜೆಯ ಮಾದರಿಗಳು, ರೋಲ್ಸ್ ರಾಯ್ಸ್ ಅಲ್ಲಿ ಸಲ್ಲುತ್ತವೆ. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿ ಜಗತ್ತನ್ನೇ ಬದಲಿಸಿದ ಫೋರ್ಡ್ ಮಾಡೆಲ್ ಟಿ ಸಲ್ಲುವುದಿಲ್ಲ. ಹೊರಗಿನ ಜನ ಮಾತ್ರ ಯುದ್ಧಾನಂತರದ, ನೋಡಿದವರ ಮನಸ್ಸಿನಲ್ಲಿ ಉಳಿದ ಯಾವ ಕಾರನ್ನೂ ಕ್ಲಾಸಿಕ್ ಎನ್ನುತ್ತಾರೆ. ಭಾರತದ ರ‍್ಯಾಲಿಗಳ ರೂಢಿಯಲ್ಲೂ ಸಾಮಾನ್ಯವಾಗಿ ಎರಡನೆಯ ಮಹಾಯುದ್ಧಕ್ಕೆ ಮೊದಲಿನವು ವಿಂಟೇಜ್, ಆಮೇಲಿನವು ಕ್ಲಾಸಿಕ್. ಆಂಟಿಕ್ ಎಂಬುದು ಮುಖ್ಯವಾಗಿ ಅಮೆರಿಕದ ಬಳಕೆ. ಅಲ್ಲಿ 1935ರಲ್ಲಿ ಹುಟ್ಟಿದ ಆಂಟಿಕ್ ಆಟೊಮೊಬೈಲ್ ಕ್ಲಬ್ಬಿನ ಲೆಕ್ಕದಲ್ಲಿ 25 ವರ್ಷ ದಾಟಿದ ವಾಹನ ಆಂಟಿಕ್. ಪ್ರತಿ ವರ್ಷ ಗಡಿ ಒಂದು ವರ್ಷ ಮುಂದೆ ಸರಿಯುವುದರಿಂದ ಇಪ್ಪತ್ತೊಂದನೆಯ ಶತಮಾನದ ಆರಂಭದ ಕಾರುಗಳೂ ಈಗ ಅದರೊಳಗೆ ಬರುತ್ತಿವೆ. ಇಂಗ್ಲೆಂಡಿನ ಸರ್ಕಾರ ಇದೇ ರೀತಿ ಸರಿಯುವ ಗಡಿಯನ್ನು 40 ವರ್ಷಕ್ಕೆ ಇಟ್ಟುಕೊಂಡು, ಅದನ್ನು ದಾಟಿದವುಗಳಿಗೆ ಐತಿಹಾಸಿಕ ವಾಹನವೆಂದು ರಸ್ತೆ ತೆರಿಗೆಯಿಂದ ವಿನಾಯಿತಿ ಕೊಡುತ್ತದೆ.

ಭಾರತದ ಕಾನೂನು 2021ರವರೆಗೆ ಈ ವಿಷಯದಲ್ಲಿ ಸ್ಪಷ್ಟವಾಗಿರಲಿಲ್ಲ. ಆ ವರ್ಷದ ಜುಲೈನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಖಾಸಗಿ ವಾಹನಗಳನ್ನು ವಿಂಟೇಜ್ ಎಂದು ಗುರುತಿಸಿತು. ವಯಸ್ಸಿನ ಜೊತೆಗೆ ಇನ್ನೊಂದು ಷರತ್ತಿದೆ. ವಾಹನ ಮೂಲ ರೂಪದಲ್ಲಿ ಇರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ಹೊಸದಾಗಿ ನೋಂದಾಯಿಸಿದ ವಾಹನದ ಫಲಕದಲ್ಲಿ ರಾಜ್ಯದ ಅಕ್ಷರಗಳ ಪಕ್ಕದಲ್ಲಿ ವಿಎ ಎಂಬ ಎರಡು ಅಕ್ಷರ ಬರುತ್ತವೆ. ಈಗಾಗಲೇ ನೋಂದಣಿ ಇರುವವರು ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ, ಎಂವೈ ಅಕ್ಷರಗಳಿಂದ ಶುರುವಾಗುವ ಸಂಖ್ಯೆ ಇರುವ ಕಾರುಗಳ ಮಾಲೀಕರಿಗೆ ಇದು ದೊಡ್ಡ ಸಮಾಧಾನ. ಆ ಫಲಕವೂ ಕಾರಿನ ಚರಿತ್ರೆಯ ಒಂದು ಭಾಗವೇ ಆಗಿರುತ್ತದೆ. ಹೀಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ದುರಸ್ತಿ ಮತ್ತು ಪೆಟ್ರೋಲ್ ತುಂಬಿಸುವ ಸಲುವಾಗಿ ರಸ್ತೆಗೆ ತರಬಹುದು. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ.

ಎರಡು ಕಾರುಗಳನ್ನು ಈ ಎಲ್ಲ ಪಟ್ಟಿಗಳ ಮುಂದೆ ನಿಲ್ಲಿಸಿದರೆ ಚಿತ್ರ ತಿಳಿಯಾಗುತ್ತದೆ. 1925ರ ಮಾಡೆಲ್ ಟಿ ಇಂಗ್ಲೆಂಡಿನಲ್ಲೂ ಫಿವಾ ಲೆಕ್ಕದಲ್ಲೂ ವಿಂಟೇಜ್, ಅಮೆರಿಕದಲ್ಲಿ ಆಂಟಿಕ್, ಅಲ್ಲಿನ ಕ್ಲಾಸಿಕ್ ಕ್ಲಬ್ಬಿನ ಬಾಗಿಲಲ್ಲಿ ಅದಕ್ಕೆ ಪ್ರವೇಶವಿಲ್ಲ. 1970ರ ಅಂಬಾಸಿಡರ್ ಮಾರ್ಕ್ 2 ಭಾರತದ ನಿಯಮದಂತೆ ವಿಂಟೇಜ್. ಆದರೆ ಫಿವಾ ವರ್ಗೀಕರಣದಲ್ಲಿ ಅದು ವಿಂಟೇಜ್ ಅವಧಿ ಮುಗಿದು ನಾಲ್ಕು ದಶಕದ ನಂತರದ ಕಾರು. ಮಾರಾಟಗಾರನೊಬ್ಬ ವಿಂಟೇಜ್ ಕಾರು ಇದೆ ಎಂದಾಗ ಕೊಳ್ಳುವವನು ಮೊದಲು ಕೇಳಬೇಕಾದದ್ದು ಯಾರ ಲೆಕ್ಕದ ವಿಂಟೇಜ್ ಎಂದು.

ಹೆಸರು ಸಿಕ್ಕ ಕೂಡಲೇ ಬೆಲೆ ಬರುವುದಿಲ್ಲ. ಅಪರೂಪವಾಗಿದ್ದರೆ ಬೆಲೆ ಎಂಬ ನಂಬಿಕೆಯೂ ಅರ್ಧ ಸತ್ಯ. 1962ರಿಂದ 1964ರ ನಡುವೆ ಬಂದ ಫೆರಾರಿ 250 ಜಿಟಿಒ ಕಾರುಗಳ ಸಂಖ್ಯೆ 36. ಅವುಗಳಲ್ಲಿ ಒಂದು 2018ರ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋಯಿತು. ಮರ್ಸಿಡಿಸ್ 300 ಎಸ್‌ಎಲ್‌ಆರ್ ಊಲೆನ್‌ಹೌಟ್ ಕೂಪೆ ಎಂಬ ಕಾರು ತಯಾರಾದದ್ದೇ ಎರಡು. ಕಂಪನಿ ತನ್ನಲ್ಲೇ ಇಟ್ಟುಕೊಂಡಿದ್ದ ಅವುಗಳಲ್ಲಿ ಒಂದನ್ನು 2022ರಲ್ಲಿ 13.5 ಕೋಟಿ ಯೂರೊಗೆ ಮಾರಿತು. ಆದರೆ ಹತ್ತಾರು ಕಾರು ಮಾಡಿ ಬಾಗಿಲು ಮುಚ್ಚಿದ ಸಣ್ಣ ಕಂಪನಿಗಳು ಇಪ್ಪತ್ತರ ದಶಕದಲ್ಲಿ ಅನೇಕವಿದ್ದವು. ಅವುಗಳ ಒಂದೇ ಒಂದು ಕಾರು ಉಳಿದಿದ್ದರೂ ಕೊಳ್ಳುವವರು ಸಾಲುಗಟ್ಟುವುದಿಲ್ಲ. ಕಾರು ಅಪರೂಪವಾಗಿರುವುದರ ಜೊತೆಗೆ ಅದನ್ನು ಬಯಸುವವರೂ ಬೇಕು. ಬಯಕೆ ಹುಟ್ಟುವುದು ರೇಸಿನ ಗೆಲುವಿನಿಂದ, ವಿನ್ಯಾಸದಿಂದ, ಎಂಜಿನಿಯರಿಂಗಿನ ಹೊಸತನದಿಂದ, ಇಲ್ಲವೇ ಕಾರು ಯಾರ ಬದುಕಿನೊಳಗೆ ಬಂದುಹೋಯಿತು ಎಂಬುದರಿಂದ. ಮಾರುತಿ 800 ಲಕ್ಷಗಟ್ಟಲೆ ಓಡಿದ ಕಾರು. ಆದರೂ 1983ರ ಡಿಸೆಂಬರ್‌ನಲ್ಲಿ ಇಂದಿರಾ ಗಾಂಧಿಯವರು ಮೊದಲ ಗ್ರಾಹಕರಿಗೆ ಕೀಲಿ ಕೊಟ್ಟ ಆ ಒಂದು ಕಾರನ್ನು ಕಂಪನಿ ಮತ್ತೆ ಸಿದ್ಧಪಡಿಸಿ ತನ್ನ ಮುಖ್ಯ ಕಚೇರಿಯಲ್ಲಿ ಇರಿಸಿಕೊಂಡಿದೆ. ಕಾನೂನಿನ ಲೆಕ್ಕದಲ್ಲಿ ಅದು ವಿಂಟೇಜ್ ಆಗಲು 2033 ಬರಬೇಕು. ಸಂಗ್ರಹಯೋಗ್ಯತೆ ಅದಕ್ಕೆ ಮೊದಲ ದಿನವೇ ಬಂದಿತ್ತು.

ಇದೆಲ್ಲಕ್ಕೂ ಅಡಿಪಾಯವಾದದ್ದು ಗುರುತು. ಎದುರಿಗಿರುವ ಕಾರು, ಹೇಳಲಾಗುತ್ತಿರುವ ಕಾರೇ ಎಂದು ತೋರಿಸಬೇಕು. ಮೇಲ್ನೋಟಕ್ಕೆ ಸುಲಭವಾದ ಈ ಪ್ರಶ್ನೆ ಎಷ್ಟು ಜಟಿಲವಾಗಬಹುದು ಎಂಬುದಕ್ಕೆ ಲಂಡನ್ನಿನ ಹೈಕೋರ್ಟಿಗೆ ಹೋದ ಬೆಂಟ್ಲಿ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಓಲ್ಡ್ ನಂಬರ್ ಒನ್ ಎಂದು ಹೆಸರಾದ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರು ಫ್ರಾನ್ಸಿನ ಲಮಾನ್ ಇಪ್ಪತ್ತನಾಲ್ಕು ಗಂಟೆಗಳ ರೇಸನ್ನು 1929ರಲ್ಲೂ 1930ರಲ್ಲೂ ಗೆದ್ದಿತ್ತು. ಎರಡೂ ಬಾರಿ ಚಾಲಕರಲ್ಲಿ ಒಬ್ಬ ವುಲ್ಫ್ ಬಾರ್ನಾಟೊ, ಬೆಂಟ್ಲಿ ಕಂಪನಿಗೆ ಹಣ ಹೂಡಿದ್ದವನು. ರೇಸಿನ ಕಾರಿನ ಬದುಕು ಸುಖದ್ದಲ್ಲ. ಒಂದು ರೇಸು ಮುಗಿದರೆ ಸವೆದದ್ದನ್ನು ತೆಗೆದು ಹೊಸದು ಹಾಕುತ್ತಾರೆ, ಮುಂದಿನ ರೇಸಿಗೆ ಬೇರೆ ಬಾಡಿ ಬರುತ್ತದೆ. 1931ರಲ್ಲಿ ಈ ಕಾರು ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ 500 ಮೈಲಿಯ ರೇಸು ಗೆದ್ದಿತು. 1932ರಲ್ಲಿ ಇನ್ನೂ ದೊಡ್ಡದಾದ 8 ಲೀಟರ್ ಎಂಜಿನ್ ಹೊತ್ತು ಅದೇ ರೇಸಿಗೆ ಇಳಿದಾಗ ಪಥದ ಇಳಿಜಾರು ಅಂಚನ್ನು ದಾಟಿ ಹೊರಗೆ ಹಾರಿತು. ಚಾಲಕ ಕ್ಲೈವ್ ಡನ್‌ಫೀ ಸತ್ತುಹೋದ. ಉಳಿದದ್ದನ್ನು ಬಾರ್ನಾಟೊ ರಸ್ತೆಯ ಮೇಲೆ ಓಡಿಸುವ ಮುಚ್ಚುಬಾಡಿಯ ಕಾರಾಗಿ ಕಟ್ಟಿಸಿಕೊಂಡ. ಮುಂದಿನ ದಶಕಗಳಲ್ಲಿ ಅದು ಕೈಯಿಂದ ಕೈಗೆ ದಾಟಿ, ಕೊನೆಗೆ ಮತ್ತೆ ಲಮಾನ್ ಕಾಲದ ತೆರೆದ ಬಾಡಿ ತೊಟ್ಟಿತು.

ಕಾರಿನ ಬೆಲೆಗಳು ಉತ್ತುಂಗಕ್ಕೇರಿದ್ದ 1990ರಲ್ಲಿ ಅದನ್ನು ಸುಮಾರು ಒಂದು ಕೋಟಿ ಪೌಂಡಿಗೆ ಮಾರುವ ಒಪ್ಪಂದವಾಯಿತು. ಕೊಳ್ಳಬೇಕಿದ್ದ ಕಂಪನಿ ಕೊನೆಯಲ್ಲಿ ಹಿಂದೆ ಸರಿದು, ಇದು ನಿಜವಾದ ಓಲ್ಡ್ ನಂಬರ್ ಒನ್ ಅಲ್ಲವೆಂದು ವಾದಿಸಿತು. ನ್ಯಾಯಮೂರ್ತಿ ಆಟನ್ ಅವರ ಮುಂದೆ ತಜ್ಞರು ಕಾರನ್ನು ತುಂಡು ತುಂಡಾಗಿ ಪರಿಶೀಲಿಸಿ ವರದಿ ಕೊಟ್ಟರು. 1929ರಲ್ಲಿ ಗೆದ್ದ ಕಾರಿನ ಭಾಗಗಳು ಹೆಚ್ಚುಕಡಿಮೆ ಏನೂ ಉಳಿದಿರಲಿಲ್ಲ. 1930ರ ಕಾರಿನದೆಂದು ಹೇಳಬಹುದಾದವು ಗೇರ್‌ಬಾಕ್ಸಿನ ಕವಚ, ಪೆಡಲಿನ ದಂಡ, ಸ್ಟಿಯರಿಂಗ್ ಕಂಬದಂಥ ಕೆಲವೇ ವಸ್ತುಗಳು. 1932ರ ಅಪಘಾತದ ಹೊತ್ತಿಗೆ ಇದ್ದ ಚಾಸಿ ಮತ್ತು ಎಂಜಿನ್ನಿನ ಹೊರಕವಚ ಮಾತ್ರ ಉಳಿದು ಬಂದಿದ್ದವು. ಈ ವರದಿ ಕೇಳಿದವರಿಗೆ ಮಾರಾಟಗಾರ ಸೋತನೆಂದೇ ಅನ್ನಿಸಬೇಕು.

ಆದರೆ ತೀರ್ಪು ಮಾಲೀಕನ ಪರವಾಗಿ ಬಂತು. ಈ ಕಾರನ್ನು ಮೂಲ ಸ್ಥಿತಿಯ ಕಾರು ಎಂದು ಕರೆಯಲಾಗದು ಎಂದು ನ್ಯಾಯಾಧೀಶರು ಒಪ್ಪಿದರು. ಆದರೆ ಅದು ಬಿಡಿಭಾಗಗಳನ್ನು ಕೂಡಿಸಿ ಎಬ್ಬಿಸಿದ ನಕಲೂ ಅಲ್ಲ. 1929ರಿಂದ ಆವರೆಗೆ ಪ್ರತಿ ಬದಲಾವಣೆಯೂ ಆಗಿದ್ದ ಕಾರಿನ ಮೇಲೆಯೇ ಆಗಿದೆ, ಯಾವ ಹಂತದಲ್ಲೂ ಅದು ಬಿಚ್ಚಿಹೋಗಿ ಚದುರಿ ಇನ್ನೊಂದಾಗಿ ಹುಟ್ಟಿಲ್ಲ, ಆ ಹೆಸರಿಗೆ ಹಕ್ಕುದಾರನಾದ ಬೇರೆ ಕಾರು ಜಗತ್ತಿನಲ್ಲಿ ಎಲ್ಲೂ ಇಲ್ಲ. ಹಾಗಾಗಿ ಓಲ್ಡ್ ನಂಬರ್ ಒನ್ ಎಂಬ ಹೆಸರು ಇದಕ್ಕೆ ಸಲ್ಲುತ್ತದೆ, ಕೊಂಡವರು ಒಪ್ಪಂದ ಪಾಲಿಸಬೇಕು ಎಂದು ಅವರು ತೀರ್ಮಾನಿಸಿದರು. ಹಳೆಯ ಕಾರುಗಳ ಲೋಕದಲ್ಲಿ ಈ ತೀರ್ಪಿನ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಆದರೆ ಅದು ಒಂದು ಮಾತನ್ನು ಸ್ಪಷ್ಟಪಡಿಸಿತು. ಕಾರಿನ ಗುರುತು ಲೋಹದಲ್ಲಿ ಎಷ್ಟಿದೆಯೋ ಅದರ ಕಡಿಯದ ಚರಿತ್ರೆಯಲ್ಲೂ ಅಷ್ಟೇ ಇದೆ, ಆ ಚರಿತ್ರೆಗೆ ದಾಖಲೆ ಬೇಕು.

ದಾಖಲೆ ಎಂದರೆ ಏನೇನು? ಕಾರ್ಖಾನೆಯ ತಯಾರಿಕಾ ಪುಸ್ತಕ, ಮೊದಲ ಮಾರಾಟದ ಬಿಲ್ಲು, ಹಳೆಯ ಆರ್‌ಸಿ ಪುಸ್ತಕಗಳು, ವಿಮೆಯ ಕಾಗದ, ಗ್ಯಾರೇಜಿನ ರಸೀದಿ, ಆಯಾ ಕಾಲದ ಫೋಟೊ. ಎರಡನೆಯ ಮಹಾಯುದ್ಧಕ್ಕೆ ಮೊದಲಿನ ರೋಲ್ಸ್ ರಾಯ್ಸ್‌ಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಆಗ ಕಂಪನಿ ಮಾರುತ್ತಿದ್ದದ್ದು ಎಂಜಿನ್ ಕೂರಿಸಿದ ಚಾಸಿಯನ್ನು ಮಾತ್ರ. ಮೇಲಿನ ಬಾಡಿಯನ್ನು ಹೂಪರ್, ಬಾರ್ಕರ್, ಥ್ರಪ್ ಅಂಡ್ ಮ್ಯಾಬರ್ಲಿಯಂಥ ಬೇರೆ ಸಂಸ್ಥೆಗಳು ಗಿರಾಕಿಯ ಇಷ್ಟದಂತೆ ಕಟ್ಟಿಕೊಡುತ್ತಿದ್ದವು. ಭಾರತದ ಸಂಸ್ಥಾನಗಳ ರಾಜರು ಶಿಕಾರಿಗೆ, ಮೆರವಣಿಗೆಗೆ, ರಾಣೀವಾಸದ ಪ್ರಯಾಣಕ್ಕೆ ಬೇರೆ ಬೇರೆ ಬಗೆಯ ಬಾಡಿ ಮಾಡಿಸಿದ್ದುಂಟು. ಒಂದು ಚಾಸಿಯ ಮೇಲೆ ಕಾಲಾನುಕ್ರಮದಲ್ಲಿ ಎರಡು ಮೂರು ಬಾಡಿ ಬಂದಿರುವುದೂ ಸಾಮಾನ್ಯ. ಮೊದಲ ಬಾಡಿಯೇ ಈಗಲೂ ಇದೆಯೇ ಎಂದು ತಿಳಿಯಲು ಚಾಸಿ ಸಂಖ್ಯೆ ಹಿಡಿದು ಹೊರಟರೆ, ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಅಭಿಮಾನಿಗಳ ಕ್ಲಬ್ಬಿನಲ್ಲಿ ಉಳಿದಿರುವ ದಾಖಲೆಗಳು ಆ ಚಾಸಿ ಯಾವ ಗಿರಾಕಿಗೆ, ಯಾವ ಬಾಡಿಯೊಂದಿಗೆ ಹೋಯಿತು ಎಂಬುದನ್ನು ಹೇಳಬಲ್ಲವು. ಬಾಡಿ ಬದಲಾಗಿದ್ದರೆ ಕಾರು ನಿಷ್ಪ್ರಯೋಜಕವೇನಲ್ಲ. ಆದರೆ ಅದನ್ನು ಮುಚ್ಚಿಟ್ಟು ಮಾರುವುದು ಮೋಸ.

ಕಾಗದ ಸರಿಯಿದ್ದರೂ ಕಾರನ್ನು ಮುಟ್ಟಿ ನೋಡದೆ ನಂಬುವಂತಿಲ್ಲ. ಬಲ್ಲವರು ಮೊದಲು ನೋಡುವುದು ಹೊಳಪನ್ನಲ್ಲ, ಸಂಖ್ಯೆ ಹೊಡೆದ ಜಾಗವನ್ನು. ಕಾರ್ಖಾನೆಯಲ್ಲಿ ಹೊಡೆದ ಅಂಕಿಗಳಿಗೆ ಆ ಕಾರ್ಖಾನೆಯದೇ ಅಚ್ಚಿನ ಆಕಾರ, ಆಳ, ಅಂತರ ಇರುತ್ತವೆ. ಸುತ್ತಲಿನ ಲೋಹ ಒರಟಾಗಿದ್ದು ಅಂಕಿಗಳ ಜಾಗ ಮಾತ್ರ ನುಣುಪಾಗಿದ್ದರೆ ಹಳೆಯ ಸಂಖ್ಯೆಯನ್ನು ಉಜ್ಜಿ ಅಳಿಸಿ ಹೊಸದನ್ನು ಹೊಡೆದಿರುವ ಸಂಶಯ ಬರುತ್ತದೆ. ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆಗಳು ಕಾರ್ಖಾನೆಯ ಪುಸ್ತಕದಲ್ಲಿರುವ ಜೋಡಿಯೇ ಆಗಿದ್ದರೆ ಬೆಲೆಗೆ ಬಲ ಬರುತ್ತದೆ. ಆಮೇಲೆ ನೋಡುವುದು ಚಾಸಿಯ ಜೋಡಣೆಗಳನ್ನು. ಮೊದಲು ರಿವೆಟ್ ಇದ್ದ ಕಡೆ ವೆಲ್ಡಿಂಗ್ ಇದ್ದರೆ, ಕಾರಣವಿಲ್ಲದ ತೂತುಗಳಿದ್ದರೆ, ಅಲ್ಲಿ ಒಮ್ಮೆ ಬೇರೆ ಎಂಜಿನ್ ಅಥವಾ ಗೇರ್‌ಬಾಕ್ಸ್ ಕೂರಿಸಿದ್ದರು ಎಂದು ಊಹಿಸಬಹುದು. ಭಾರತದಲ್ಲಿ ಇದು ತೀರ ಸಾಮಾನ್ಯ. ಆಮದು ಬಿಡಿಭಾಗ ಸಿಗದೆ, ಪೆಟ್ರೋಲಿನ ಬೆಲೆ ತಾಳದೆ, ದೊಡ್ಡ ಅಮೆರಿಕನ್ ಕಾರುಗಳಿಗೂ ಡೀಸೆಲ್ ಎಂಜಿನ್ ಕೂರಿಸಿ ವರ್ಷಗಟ್ಟಲೆ ಓಡಿಸಿದವರಿದ್ದಾರೆ. ಆ ಕಾರು ಗುಜರಿಗೆ ಹೋಗದೆ ಉಳಿದದ್ದು ಅಂಥ ಜಾಣ್ಮೆಯಿಂದಲೇ ಎಂಬುದನ್ನು ಮರೆಯಬಾರದು. ಆದರೆ ಮೂಲ ಎಂಜಿನ್ ಕಳೆದುಹೋಗಿದ್ದರೆ ಅದನ್ನು ಮತ್ತೆ ಹುಡುಕುವುದು ಬಹುಪಾಲು ಅಸಾಧ್ಯ.

ಸಣ್ಣ ವಸ್ತುಗಳೂ ಸಾಕ್ಷಿ ಹೇಳುತ್ತವೆ. ಗ್ಯಾರೇಜಿನಲ್ಲಿ ಸ್ಟಾರ್ ಸ್ಕ್ರೂ ಎನ್ನುವ, ತಲೆಯ ಮೇಲೆ ಕೂಡುಗೆರೆಯಿರುವ ಸ್ಕ್ರೂ ಕಾರುಗಳ ಕಾರ್ಖಾನೆಗೆ ಬಂದದ್ದು 1930ರ ದಶಕದ ನಡುವಿನಲ್ಲಿ. 1926ರ ಕಾರಿನ ಬಾಗಿಲಿನಲ್ಲಿ ಅದು ಕಂಡರೆ ಆ ಬಾಗಿಲನ್ನು ಯಾರೋ ಆಮೇಲೆ ಬಿಚ್ಚಿ ಜೋಡಿಸಿದ್ದಾರೆ ಎಂದರ್ಥ. ಹಳೆಯ ಇಂಗ್ಲಿಷ್ ಕಾರುಗಳ ನಟ್ಟು ಬೋಲ್ಟುಗಳು ವಿಟ್‌ವರ್ತ್ ಅಳತೆಯವು. ಮಿಲಿಮೀಟರ್ ಸ್ಪಾನರ್ ಸರಿಯಾಗಿ ಕೂತರೆ ಅಲ್ಲಿಯೂ ಕೈಯಾಡಿದೆ. ಬಾಡಿಯ ತಗಡಿನ ಕೆಳಗೆ ಮರದ ಚೌಕಟ್ಟು ಇರುವ ಕಾರುಗಳಲ್ಲಿ ಗೆದ್ದಲು ಮತ್ತು ತೇವ ದೊಡ್ಡ ಶತ್ರುಗಳು. ಕರಾವಳಿಯಲ್ಲಿ ಬಹುಕಾಲ ಇದ್ದ ಕಾರನ್ನು ನೋಡುವಾಗ ಬಾಗಿಲನ್ನು ಅರ್ಧ ತೆರೆದು ಮೇಲಕ್ಕೆ ಎತ್ತಿ ನೋಡಬೇಕು, ಕಂಬದ ಬುಡ ಕೊಳೆತಿದ್ದರೆ ಬಾಗಿಲು ಕಂಬದ ಸಮೇತ ಆಡುತ್ತದೆ. ದಪ್ಪ ಪುಟ್ಟಿ ಮೆತ್ತಿ ಬಣ್ಣ ಹೊಡೆದ ಕಡೆ ಸಣ್ಣ ಅಯಸ್ಕಾಂತ ಹಿಡಿಯುವುದಿಲ್ಲ. ಆದರೆ ಅಲ್ಯೂಮಿನಿಯಂ ಬಾಡಿಗೂ ಅದು ಹಿಡಿಯುವುದಿಲ್ಲವಾದ್ದರಿಂದ ಮೂಲ ಬಾಡಿ ಯಾವ ಲೋಹದ್ದು ಎಂದು ಮೊದಲೇ ತಿಳಿದಿರಬೇಕು.

ಇಷ್ಟೆಲ್ಲ ನೋಡಿ ಕೊಂಡ ಮೇಲೆ ಕಾರನ್ನು ಹೊಸದರಂತೆ ಮಾಡಬೇಕೇ ಎಂಬ ಪ್ರಶ್ನೆ ಬರುತ್ತದೆ. ಬಹುಕಾಲ ಅದಕ್ಕೆ ಉತ್ತರ ಹೌದು ಎಂದೇ ಇತ್ತು. ಪೂರ್ತಿ ಬಿಚ್ಚಿ, ಹಳೆಯ ಬಣ್ಣ ಕೆರೆದು, ಹೊಸ ಚರ್ಮ ಹೊಲಿಸಿ, ಕಾರ್ಖಾನೆಯಿಂದ ಹೊರಬಂದ ದಿನಕ್ಕಿಂತಲೂ ಹೆಚ್ಚು ಹೊಳೆಯುವಂತೆ ಮಾಡಿದ ಕಾರುಗಳು ಸ್ಪರ್ಧೆಗಳಲ್ಲಿ ಗೆಲ್ಲುತ್ತಿದ್ದವು. ಈ ಅಭಿರುಚಿ ಬದಲಾಗಿದೆ. ಫ್ರಾನ್ಸಿನ ಸಾರಿಗೆ ಉದ್ಯಮಿ ರೋಜೆ ಬಾಯ್ಯೋಂ ವಸ್ತುಸಂಗ್ರಹಾಲಯ ಕಟ್ಟುವ ಆಸೆಯಿಂದ ಕೂಡಿಸಿಟ್ಟ ಕಾರುಗಳು, ವ್ಯವಹಾರ ಕುಸಿದ ಮೇಲೆ ದಶಕಗಟ್ಟಲೆ ಶೆಡ್ಡುಗಳಲ್ಲಿ ಕೊಳೆಯುತ್ತ ಉಳಿದಿದ್ದವು. 2015ರ ಫೆಬ್ರುವರಿಯಲ್ಲಿ ಅವುಗಳಲ್ಲಿ 59 ಕಾರುಗಳನ್ನು ಪ್ಯಾರಿಸ್ಸಿನಲ್ಲಿ ಹರಾಜು ಹಾಕುವಾಗ ಯಾರೂ ಒರೆಸಲೂ ಹೋಗಲಿಲ್ಲ. ಹಳೆಯ ಪತ್ರಿಕೆಗಳ ರಾಶಿಯಡಿ ಸಿಕ್ಕ, ಒಂದು ಕಾಲಕ್ಕೆ ನಟ ಅಲೇನ್ ದೆಲೋನ್ ಬಳಿಯಿದ್ದ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ ಧೂಳು ಹೊದ್ದುಕೊಂಡೇ 1.63 ಕೋಟಿ ಯೂರೊಗೆ ಮಾರಾಟವಾಯಿತು. ಅಮೆರಿಕದ ಪೆಬಲ್ ಬೀಚ್ ಸ್ಪರ್ಧೆಯಲ್ಲಿ 2024ರಲ್ಲಿ ಪರಮೋಚ್ಚ ಪ್ರಶಸ್ತಿ ಹೋದದ್ದು ಬೆಲ್ಜಿಯಂ ದೊರೆ ಮೂರನೆಯ ಲಿಯೊಪೋಲ್ಡ್ ಬಳಿಯಿದ್ದ 1934ರ ಬುಗಾಟಿ ಟೈಪ್ 59ಕ್ಕೆ. ಸವೆದ ಬಣ್ಣವನ್ನು ಹಾಗೆಯೇ ಉಳಿಸಿಕೊಂಡ, ಸಂರಕ್ಷಿತ ವರ್ಗದ ಕಾರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಕಾರಣ ಸರಳ. ಮೂಲ ಬಣ್ಣ, ಮೂಲ ಹೊಲಿಗೆ, ಕೆಲಸಗಾರನ ಸುತ್ತಿಗೆಯ ಗುರುತು ಒಮ್ಮೆ ಹೋದರೆ ಯಾವ ಹಣಕ್ಕೂ ಮರಳುವುದಿಲ್ಲ. ಕಾರು ಹೇಗೆ ತಯಾರಾಯಿತು ಎಂಬುದಕ್ಕೆ ಉಳಿದ ಸಾಕ್ಷಿಯೂ ಅವುಗಳ ಜೊತೆಯಲ್ಲೇ ಹೋಗುತ್ತದೆ.

ಹಾಗೆಂದು ಎಲ್ಲ ಕಾರನ್ನೂ ಸಿಕ್ಕ ಸ್ಥಿತಿಯಲ್ಲೇ ಇಡಲಾಗದು. ಚಾಸಿ ತುಕ್ಕಿನಿಂದ ತೂತಾಗಿ, ಮರ ಪುಡಿಯಾಗಿ, ಒಳಗೆ ಏನೂ ಉಳಿಯದಿದ್ದರೆ ಮರುನಿರ್ಮಾಣವಲ್ಲದೆ ದಾರಿಯಿಲ್ಲ. ಒಳ್ಳೆಯ ಕುಶಲಿಗಳು ಅಂಥಲ್ಲಿಯೂ ಮೊದಲು ಎಲ್ಲವನ್ನೂ ಫೋಟೊ ತೆಗೆದು, ತೆಗೆದ ಪ್ರತಿ ತುಂಡಿಗೂ ಚೀಟಿ ಕಟ್ಟಿ, ಹಳೆಯ ಬಣ್ಣದ ಒಂದು ಚೂರನ್ನು ಕಾಣದ ಮೂಲೆಯಲ್ಲಿ ಉಳಿಸುತ್ತಾರೆ. ಹೊಸದಾಗಿ ಮಾಡಿದ್ದು ಯಾವುದು ಎಂದು ದಾಖಲೆಯಲ್ಲಿ ಬರೆಯುತ್ತಾರೆ. ಖರ್ಚಿನ ಲೆಕ್ಕವನ್ನೂ ಮೊದಲೇ ಹಾಕಬೇಕಾಗುತ್ತದೆ. ಸಾಧಾರಣ ಮಾದರಿಯ ಕಾರಿಗೆ ಪೂರ್ಣ ದುರಸ್ತಿ ಮಾಡಿಸಿದರೆ ಆಗುವ ವೆಚ್ಚ, ಸಿದ್ಧವಾದ ಕಾರಿಗೆ ಬರುವ ಬೆಲೆಯನ್ನು ಸುಲಭವಾಗಿ ಮೀರುತ್ತದೆ. ಅಪ್ಪನ ಕಾಲದ ಫಿಯಟ್ಟನ್ನು ಮತ್ತೆ ಓಡಿಸಬೇಕು ಎಂಬ ಆಸೆಗೆ ಆ ಲೆಕ್ಕ ಅಡ್ಡ ಬರಬೇಕಾಗಿಲ್ಲ. ಆದರೆ ಹಣ ಹೂಡುವ ಉದ್ದೇಶದವರಿಗೆ ಅದು ನಷ್ಟದ ಬಾಬತ್ತು.

ಕರ್ನಾಟಕದಲ್ಲಿ ಹಳೆಯ ಕಾರುಗಳನ್ನು ಹತ್ತಿರದಿಂದ ನೋಡಲು ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹ ಒಳ್ಳೆಯ ಜಾಗ. ಧರ್ಮಸ್ಥಳದ ಸಂಗ್ರಹದ ಜೊತೆಗೆ, ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ ಪಯಣ ಎಂಬ ವಸ್ತುಸಂಗ್ರಹಾಲಯವೂ 2023ರಲ್ಲಿ ತೆರೆದಿದೆ. ಅಲ್ಲಿ ಅಥವಾ ಯಾವುದೇ ರ‍್ಯಾಲಿಯಲ್ಲಿ ಕಾರಿನ ಮುಂದೆ ನಿಂತಾಗ ಫಲಕದ ಮೇಲಿನ ವರ್ಷ ಓದಿ ಮುಂದೆ ಹೋಗದೆ, ಚಾಸಿ ಯಾರದು, ಬಾಡಿ ಕಟ್ಟಿದವರು ಯಾರು, ಎಂಜಿನ್ ಮೊದಲಿನದೇ, ಈ ಬಣ್ಣ ಯಾವಾಗಿನದು ಎಂದು ಜೊತೆಯಲ್ಲಿರುವವರನ್ನು ಕೇಳಬಹುದು. ಕಾರನ್ನು ನಿಜವಾಗಿ ಬಲ್ಲ ಮಾಲೀಕರು ಈ ಪ್ರಶ್ನೆಗಳಿಗೆ ಬಾನೆಟ್ ಎತ್ತಿಯೇ ಉತ್ತರ ಕೊಡುತ್ತಾರೆ.